ಬಾಣವನ್ನು ತಿರುಗಿಸಬಾರದು, ಸೀಳಬೇಕು: ಎಣ್ಣೆ ಮತ್ತು ಪ್ರೆಸ್‌ಬೋರ್ಡ್ ನಡುವಿನ ಓರೆ ಬಲರೇಖೆಗಳು

ಟ್ರಾನ್ಸ್‌ಫಾರ್ಮರ್ ಡಿಸೈನ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ತಪ್ಪು ಸಣ್ಣದಾಗಿರಲಿಲ್ಲ, ಆದರೆ ಡ್ರಾಯಿಂಗ್ ವರ್ಕ್‌ಶಾಪ್‌ಗೆ ಹೋಗುವ ಮುಂಚೆಯೇ ಸಿಕ್ಕಿತು.

ವೈಂಡಿಂಗ್‌ನ ಮೇಲ್ತುದಿಯಲ್ಲಿ ಬಲರೇಖೆಗಳು ನೆಟ್ಟಗಿರುವುದಿಲ್ಲ. ಬಾಗಿ, ಹರಡಿಕೊಂಡು ಹೋಗುತ್ತವೆ. ದಾರಿಯಲ್ಲಿ ಎಣ್ಣೆ ಇದೆ, ನಡುನಡುವೆ ಪ್ರೆಸ್‌ಬೋರ್ಡ್, ಅಂದರೆ ಒತ್ತಿ ಮಾಡಿದ ದಪ್ಪ ಕಾಗದದ ಹಲಗೆಯ ತಡೆಗಳಿವೆ. ಒಂದು ಜಾಗದಲ್ಲಿ ಎಣ್ಣೆಯಲ್ಲಿನ ಕ್ಷೇತ್ರ ಪ್ರತಿ ಮಿಲಿಮೀಟರಿಗೆ 6 ಕಿಲೋವೋಲ್ಟ್ ಇತ್ತು. ಅದು ಬೋರ್ಡಿನ ಮೇಲ್ಮೈಗೆ ಎಳೆದ ಲಂಬಕ್ಕೆ 30 ಡಿಗ್ರಿ ಓರೆಯಾಗಿ ಬಂದು ತಾಗುತ್ತಿತ್ತು. ಬೋರ್ಡಿನ ಒಳಗೆ ಎಷ್ಟಿರುತ್ತದೆ, ಯಾವ ಕಡೆಗೆ ಇರುತ್ತದೆ ಎಂದು ಕೈಲೆಕ್ಕದಲ್ಲಿ ನೋಡಬೇಕಿತ್ತು. ಎಣ್ಣೆಯ ಪರ್ಮಿಟಿವಿಟಿ 2.2, ಎಣ್ಣೆ ಕುಡಿದ ಬೋರ್ಡಿನದು 4.4 ಎಂದು ಇಟ್ಟುಕೊಂಡೆ.

ನನ್ನ ತಲೆಯಲ್ಲಿ ಪಿಯುಸಿಯ ಬೆಳಕಿನ ಪಾಠ ಕೂತಿತ್ತು. ಗಾಳಿಯಿಂದ ಗಾಜಿಗೆ ಹೋದ ಕಿರಣ ಲಂಬದ ಕಡೆ ಬಾಗುತ್ತದೆ, ಅಲ್ವಾ? ಇಲ್ಲೂ ಹಾಗೇ ಇರಬೇಕು ಎಂದುಕೊಂಡು, ಸೈನ್ ಹಾಕಿ, 4.4ನ್ನು 2.2ರಿಂದ ಭಾಗಿಸಿ, ಒಳಗಿನ ಕೋನ 14.5 ಡಿಗ್ರಿ ಎಂದು ಬರೆದೆ. ಬೋರ್ಡಿನ ಮೈಗುಂಟ ಹೋಗುವ ಭಾಗ ಬರೀ 0.7 ಬಂತು. ಖುಷಿಯಾಯಿತು. ಯಾಕೆಂದರೆ ಪ್ರೆಸ್‌ಬೋರ್ಡ್ ಪದರ ಪದರವಾಗಿರುವ ವಸ್ತು. ಪದರಗಳನ್ನು ಅಡ್ಡವಾಗಿ ದಾಟುವ ಕ್ಷೇತ್ರವನ್ನು ಚೆನ್ನಾಗಿ ತಡೆಯುತ್ತದೆ, ಪದರದ ಉದ್ದಕ್ಕೆ ಹೋಗುವುದನ್ನು ತಡೆಯುವುದರಲ್ಲಿ ದುರ್ಬಲ. ಆ ದಿಕ್ಕಿನ ಅಂಕಿ ಕಡಿಮೆ ಬಂದರೆ ಡಿಸೈನರ್‌ಗೆ ನೆಮ್ಮದಿ.

ಸಿಮ್ಯುಲೇಷನ್ ಮಾತ್ರ ಸುಮಾರು 49 ಡಿಗ್ರಿ ಎನ್ನುತ್ತಿತ್ತು. ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ತ್ರಿಕೋನಗಳಾಗಿ ಒಡೆದ ಮೆಶ್ ಸರಿ ಇಲ್ಲ ಎಂದು ನಾನೇ ತೀರ್ಮಾನಿಸಿ ಅರ್ಧ ದಿನ ಅದರ ಜೊತೆ ಗುದ್ದಾಡಿದೆ.

ಪಕ್ಕದ ಟೇಬಲ್ಲಿನ ಹಿರಿಯರು ಮಂಗಳೂರಿನ ಕಡೆಯವರು. ನನ್ನ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು. "ಮೈಗುಂಟ ಹೋಗುವ ಭಾಗ ಎಣ್ಣೆ ಕಡೆ ಎಷ್ಟು?"

"ಮೂರು ಸರ್."

"ಬೋರ್ಡ್ ಕಡೆ?"

"ಸೊನ್ನೆ ಪಾಯಿಂಟ್ ಏಳು."

"ಹಾಗಾದ್ರೆ ಎಣ್ಣೆಯಲ್ಲಿ ಒಂದು ಚಾರ್ಜನ್ನು ಮುಂದೆ ತಗೊಂಡು ಹೋಗಿ, ಕೂದಲೆಳೆ ದೂರದಲ್ಲಿ ಬೋರ್ಡಿನ ಒಳಗಿಂದ ವಾಪಸ್ ತಂದ್ರೆ, ಪ್ರತಿ ಸುತ್ತಿಗೂ ಪುಕ್ಕಟೆ ಎನರ್ಜಿ ಸಿಗ್ತದೆ. ನಮಗೆ ಟ್ರಾನ್ಸ್‌ಫಾರ್ಮರ್ ಯಾಕೆ ಮಾರಾಯ? ಬಾಣವನ್ನು ತಿರುಗಿಸಬೇಡ. ಸೀಳು."

ಸೀಳುವುದು ಎಂದರೆ ಇಷ್ಟೇ. ಓರೆ ಬಾಣವನ್ನು ಎರಡು ತುಂಡು ಮಾಡಬೇಕು: ಮೇಲ್ಮೈಗೆ ಲಂಬವಾಗಿರುವುದು ಒಂದು, ಮೇಲ್ಮೈಗೆ ಅಂಟಿಕೊಂಡು ಹೋಗುವುದು ಇನ್ನೊಂದು. ಅಂಟಿಕೊಂಡು ಹೋಗುವ ಭಾಗ ಎರಡೂ ಕಡೆ ಒಂದೇ. ಅವರು ಹೇಳಿದ ಆ ತೆಳ್ಳಗಿನ ಸುತ್ತೇ ಅದಕ್ಕೆ ಕಾರಣ. ಲಂಬ ಭಾಗಕ್ಕೆ ಬೇರೆ ಕಾರಣವಿದೆ. ಮೇಲ್ಮೈಯ ಆಚೆ ಈಚೆ ಸೇರಿಸಿ ನಾಣ್ಯದಂಥ ಒಂದು ಪುಟ್ಟ ಡಬ್ಬಿ ಕಲ್ಪಿಸಿಕೊಳ್ಳಿ. ಅಲ್ಲಿ ಹೊರಗಿನಿಂದ ಬಂದು ಕೂತ ಚಾರ್ಜ್ ಇಲ್ಲದಿದ್ದರೆ, ಒಳಗೆ ಹೋದ ಫ್ಲಕ್ಸ್ ಪೂರ್ತಿ ಹೊರಗೆ ಬರಲೇಬೇಕು. ಆದ್ದರಿಂದ ಪರ್ಮಿಟಿವಿಟಿಯಿಂದ ಗುಣಿಸಿದ ಲಂಬ ಭಾಗ ಎರಡೂ ಕಡೆ ಸಮ. ಕೆಳಗೆ E ಕ್ಷೇತ್ರ, ε ಪರ್ಮಿಟಿವಿಟಿ, 1 ಎಣ್ಣೆ, 2 ಬೋರ್ಡ್, t ಅಂಟಿದ ಭಾಗ, n ಲಂಬ ಭಾಗ.

```
E1t = E2t
ε1·E1n = ε2·E2n
tan θ1 / tan θ2 = ε1 / ε2
```

ಕೊನೆಯ ಸಾಲು ಮೊದಲೆರಡನ್ನು ಭಾಗಿಸಿದರೆ ತಾನಾಗಿ ಬರುತ್ತದೆ. ಕೋನ ಅಳೆಯುವುದು ಲಂಬದಿಂದ, ಮೇಲ್ಮೈಯಿಂದಲ್ಲ. ಇದನ್ನೂ ಎಷ್ಟೋ ಜನ ಅದಲುಬದಲು ಮಾಡುತ್ತಾರೆ.

ನನ್ನ ಲೆಕ್ಕವನ್ನು ಮತ್ತೆ ಮಾಡಿದೆ. ಎಣ್ಣೆಯಲ್ಲಿ ಲಂಬ ಭಾಗ 6 × cos 30, ಅಂದರೆ 5.2. ಅಂಟಿದ ಭಾಗ 6 × sin 30, ಅಂದರೆ 3. ಬೋರ್ಡಿನೊಳಗೆ ಲಂಬ ಭಾಗ ಅರ್ಧವಾಗಿ 2.6 ಆಯಿತು. ಅಂಟಿದ ಭಾಗ 3 ಹಾಗೇ ಉಳಿಯಿತು. ಒಟ್ಟು ಕ್ಷೇತ್ರ ಸುಮಾರು 4, ಕೋನ 49.1 ಡಿಗ್ರಿ. ಪಾಪ, ಸಿಮ್ಯುಲೇಷನ್ ಸರಿಯಾಗಿಯೇ ಹೇಳಿತ್ತು. ಪರ್ಮಿಟಿವಿಟಿ ಜಾಸ್ತಿ ಇರುವ ಕಡೆ ರೇಖೆ ಲಂಬದಿಂದ ದೂರ ಬಾಗುತ್ತದೆ, ಬೆಳಕಿಗೆ ತದ್ವಿರುದ್ಧ. ಹಾಗಂತ ಬೆಳಕು ಈ ನಿಯಮಗಳನ್ನು ಮೀರುವುದಿಲ್ಲ. ಅಲ್ಲಿ ನಾವು ಎಳೆಯುವ ಗೆರೆ ಅಲೆ ಸಾಗುವ ದಿಕ್ಕು, ಇಲ್ಲಿ ಎಳೆಯುವುದು ಕ್ಷೇತ್ರದ ದಿಕ್ಕು. ಎರಡೂ ಬೇರೆ ಗೆರೆಗಳು.

ಆಗ ಸಮಸ್ಯೆ ಕಣ್ಣಿಗೆ ಕಂಡಿತು. ಬೋರ್ಡಿನ ಒಟ್ಟು ಕ್ಷೇತ್ರ ಆರರಿಂದ ನಾಲ್ಕಕ್ಕೆ ಇಳಿದಿದೆ ಎಂದು ಸಮಾಧಾನ ಪಡುವ ಹಾಗಿಲ್ಲ. ದುರ್ಬಲ ದಿಕ್ಕಿನಲ್ಲಿ ಪೂರ್ತಿ 3 ಕೂತಿದೆ. ಬೋರ್ಡ್ ಬದಲಿಸಿದರೂ ಅದು ತಾನಾಗಿ ಇಳಿಯುವುದಿಲ್ಲ. ಇಳಿಯಬೇಕಾದರೆ ರೇಖೆ ಬೋರ್ಡಿಗೆ ನೆಟ್ಟಗೆ ಬಂದು ತಾಗಬೇಕು. ಅದಕ್ಕೇ ವೈಂಡಿಂಗ್ ತುದಿಯ ಆಂಗಲ್ ರಿಂಗ್‌ಗಳನ್ನು, ಅಂದರೆ ಪ್ರೆಸ್‌ಬೋರ್ಡಿನ ಉಂಗುರಗಳನ್ನು, ಸಮವಿಭವ ರೇಖೆಗಳ ಆಕಾರಕ್ಕೆ ಬಾಗಿಸಿ ಮಾಡುವುದು. ನಮ್ಮ ರಿಂಗಿನ ಬಾಗನ್ನು ಮತ್ತೆ ಬರೆದು, ಆ ಜಾಗದ ಕೋನವನ್ನು 8 ಡಿಗ್ರಿಗೆ ತಂದೆವು. ಎಣ್ಣೆಯ ಕ್ಷೇತ್ರ ಹೆಚ್ಚುಕಮ್ಮಿ 6ರಲ್ಲೇ ಇತ್ತು, ಅಂಟಿದ ಭಾಗ ಮಾತ್ರ 0.8ಕ್ಕೆ ಇಳಿಯಿತು.

ಅಂದಿನಿಂದ ಸಿಮ್ಯುಲೇಷನ್ ನೋಡುವಾಗ ಬಣ್ಣದ ಚಿತ್ರವನ್ನು ಮೊದಲು ನೋಡುವುದಿಲ್ಲ. ಮೇಲ್ಮೈಯ ಎರಡೂ ಪಕ್ಕ, ಕೂದಲೆಳೆ ದೂರದಲ್ಲಿ ಅಂಕಿ ತೆಗೆಯುತ್ತೇನೆ. ಇದರಲ್ಲಿ ಒಂದು ಗುಟ್ಟಿದೆ. ಸಾಮಾನ್ಯ ಫೈನೈಟ್ ಎಲಿಮೆಂಟ್ ಲೆಕ್ಕ ನೋಡ್‌ಗಳಲ್ಲಿ ವೋಲ್ಟೇಜ್ ಕಂಡುಹಿಡಿಯುತ್ತದೆ. ಪಕ್ಕಪಕ್ಕದ ತ್ರಿಕೋನಗಳಿಗೆ ಅಂಚಿನ ವೋಲ್ಟೇಜ್ ಒಂದೇ ಆದ್ದರಿಂದ ಅಂಟಿದ ಭಾಗ ಯಾವಾಗಲೂ ಹೊಂದುತ್ತದೆ, ಮೆಶ್ ಎಷ್ಟೇ ಕೆಟ್ಟದಿರಲಿ. ಅದು ಹೊಂದಿತು ಎಂದು ಬೀಗಬಾರದು. ನೋಡಬೇಕಾದ್ದು ε·En. ಅದು ಎರಡು ಪಕ್ಕದಲ್ಲಿ ಎಷ್ಟು ತಪ್ಪುತ್ತದೋ ಮೆಶ್ ಅಷ್ಟು ಒರಟು.

ಕಾಂತಕ್ಷೇತ್ರಕ್ಕೆ ಬಂದರೆ ಪಾತ್ರಗಳು ಅದಲುಬದಲು. B ಯ ಲಂಬ ಭಾಗ ಎರಡೂ ಕಡೆ ಒಂದೇ. ಮೇಲ್ಮೈಯಲ್ಲಿ ಕರೆಂಟ್ ಹರಿಯದಿದ್ದರೆ H ನ ಅಂಟಿದ ಭಾಗ ಒಂದೇ. ಕೋರ್ ಉಕ್ಕಿನೊಳಗೆ 1.5 ಟೆಸ್ಲಾ ಲಂಬಕ್ಕೆ 85 ಡಿಗ್ರಿಯಲ್ಲಿ, ಅಂದರೆ ಮೇಲ್ಮೈಗೆ ಹೆಚ್ಚುಕಮ್ಮಿ ಅಂಟಿಕೊಂಡೇ ಹೋಗುತ್ತಿದೆ ಎನ್ನೋಣ. ಸಾಪೇಕ್ಷ ಪರ್ಮಿಯಬಿಲಿಟಿ 2000. ಹೊರಗೆ ಎಣ್ಣೆ, ಅದರದ್ದು 1. ಲಂಬ ಭಾಗ 0.13 ಟೆಸ್ಲಾ ಹಾಗೇ ಹೊರಬರುತ್ತದೆ. ಅಂಟಿದ ಭಾಗದ 1.49 ಟೆಸ್ಲಾ 2000ದಿಂದ ಭಾಗವಾಗಿ ಮಿಲಿಟೆಸ್ಲಾಗಿಂತ ಕಡಿಮೆಯಾಗುತ್ತದೆ. ಹೊರಗಿನ ಕೋನ 0.33 ಡಿಗ್ರಿ. ಅಷ್ಟು ಮಲಗಿದ್ದ ರೇಖೆ ಹೊರಗೆ ಬಂದ ಕೂಡಲೇ ನೆಟ್ಟಗೆ ನಿಂತುಬಿಡುತ್ತದೆ. ಉಕ್ಕು ಸ್ಯಾಚುರೇಟ್ ಆಗಿ ಪರ್ಮಿಯಬಿಲಿಟಿ 50ಕ್ಕೆ ಬಿದ್ದರೆ ಅದೇ ಕೋನ 13 ಡಿಗ್ರಿ. ಕೋರ್‌ನಿಂದ ಓರೆಯಾಗಿ ಹೊರಡುವ ರೇಖೆ ಕಂಡರೆ ನಾನು ಮೊದಲು ಅನುಮಾನಿಸುವುದು ಸ್ಯಾಚುರೇಷನ್ನನ್ನೇ. ಇನ್ನು ಕೋರ್‌ಗೆ ಬಳಸುವ, ಕಣಗಳನ್ನು ಒಂದೇ ದಿಕ್ಕಿಗೆ ಜೋಡಿಸಿದ ಸಿಆರ್‌ಜಿಓ ಉಕ್ಕಿಗೆ ದಿಕ್ಕಿಗೊಂದು ಪರ್ಮಿಯಬಿಲಿಟಿ. ಅಲ್ಲಿ tan ಸೂತ್ರವನ್ನು ನೇರ ಹಾಕಬಾರದು, ಎರಡು ಭಾಗಗಳ ನಿಯಮ ಮಾತ್ರ ನಿಲ್ಲುತ್ತದೆ.

ಡಿಸಿ ಬಂದಾಗ ಎಣ್ಣೆ–ಬೋರ್ಡ್ ಲೆಕ್ಕವೂ ತಲೆಕೆಳಗು. ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ±500 ಕಿಲೋವೋಲ್ಟ್ ಡಿಸಿ ಲೈನಿನಂಥ ಕಡೆ ಕನ್ವರ್ಟರ್ ಟ್ರಾನ್ಸ್‌ಫಾರ್ಮರ್‌ಗಳಿಗೆ ಡಿಸಿ ಒತ್ತಡವೂ ಬೀಳುತ್ತದೆ. ಸಾಕಷ್ಟು ಹೊತ್ತು ಡಿಸಿ ಇದ್ದರೆ ಮೇಲ್ಮೈಯಲ್ಲಿ ಚಾರ್ಜ್ ಬಂದು ಕೂರುತ್ತದೆ. ಆ ಪುಟ್ಟ ಡಬ್ಬಿ ಈಗ ಖಾಲಿ ಅಲ್ಲ. ಎರಡೂ ಕಡೆ ಸಮವಾಗಬೇಕಾದ್ದು ಕರೆಂಟಿನ ಲಂಬ ಭಾಗ, ಹಾಗಾಗಿ ε ಜಾಗಕ್ಕೆ ವಾಹಕತೆ ಬರುತ್ತದೆ. ಬೋರ್ಡಿನ ವಾಹಕತೆ ಎಣ್ಣೆಯ 50ರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೆ, ಎಣ್ಣೆಯ ಅದೇ 30 ಡಿಗ್ರಿ ಬೋರ್ಡಿನೊಳಗೆ 0.7 ಡಿಗ್ರಿಯಾಗುತ್ತದೆ. ಲಂಬ ಕ್ಷೇತ್ರ ಅರ್ಧವಾಗುವ ಬದಲು 50 ಪಟ್ಟಾಗುತ್ತದೆ. ವೋಲ್ಟೇಜಿನ ಬಹುಪಾಲು ಎಣ್ಣೆ ಬಿಟ್ಟು ಬೋರ್ಡಿನ ತಲೆ ಮೇಲೆ. ಎಣ್ಣೆಯ ವಾಹಕತೆ ಬಿಸಿ ಏರಿದಂತೆ, ತೇವ ಸೇರಿದಂತೆ ಬದಲಾಗುವುದರಿಂದ ಆ 50 ಕೂಡ ನಿಂತಲ್ಲಿ ನಿಲ್ಲುವ ಅಂಕಿ ಅಲ್ಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ 49.1 ಡಿಗ್ರಿ ಇರುವ ಪುಟದ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ "ಎಸಿಗೆ ಮಾತ್ರ" ಎಂದು ಬರೆದಿಟ್ಟಿದ್ದೇನೆ.