ಕೋಲ್ಡ್ ರೂಮ್ ಲೋಡ್: ಮಾಂಸ ಇಳಿಸುವ ದಿನದ ಲೆಕ್ಕ ಹಾಕಿ

ಮಡಿಕೇರಿಯ ನಮ್ಮ ಅಂಗಡಿಯ ಕೋಲ್ಡ್ ರೂಮ್‌ಗೆ ಮೊದಲು ಗೋಡೆ ಅಳತೆ ನೋಡಿಯೇ ಮೆಷಿನ್ ಹಾಕಿಸಿದ್ದೆ. ಸಾಲಲಿಲ್ಲ.

500 ಕಿಲೋ ಹಂದಿ ಮಾಂಸ 25 ಡಿಗ್ರಿಯಿಂದ 4ಕ್ಕೆ ಇಳಿಯಬೇಕು. ಕಿಲೋಗೆ, ಡಿಗ್ರಿಗೆ ಸುಮಾರು 3 ಕಿಲೋಜೌಲ್ ಹಿಡಿದರೆ 31,500. ಇದನ್ನು 24 ಗಂಟೆಗೆ ಹಂಚಿದರೆ 0.36 ಕಿಲೋವ್ಯಾಟ್ ಅಷ್ಟೇ. ಆದರೆ ಮಾಂಸ 6 ಗಂಟೆಯಲ್ಲಿ ತಣ್ಣಗಾಗಬೇಕಲ್ವಾ? ಆಗ 1.46. ಗೋಡೆ, ಫ್ಯಾನ್, ಬಾಗಿಲಿನಿಂದ ಬರುವ ಬಿಸಿ ಸೇರಿ ನಮ್ಮಲ್ಲಿ 1.2. ಒಟ್ಟು 2.66.

ಆ 6 ಗಂಟೆಯಲ್ಲಿ ಕಾಯಿಲ್ ಮೇಲಿನ ಹಿಮವನ್ನು ಹೀಟರ್‌ನಿಂದ ಕರಗಿಸುವ ಒಂದು ಡಿಫ್ರಾಸ್ಟ್ ಅರ್ಧ ಗಂಟೆ ತಿನ್ನುತ್ತದೆ. ಉಳಿದ ಐದೂವರೆ ಗಂಟೆಯಲ್ಲೇ ಕೆಲಸ ಮುಗಿಯಬೇಕು, ಹಾಗಾಗಿ 2.9. ಹೀಟರ್ ಬಿಸಿಯೂ ಸೇರಿದರೆ 3 ದಾಟುತ್ತದೆ.

ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ತೇವದ ಗಾಳಿ ನುಗ್ಗಿ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಡಿಫ್ರಾಸ್ಟ್ ಮುಗಿದ ಮೇಲೂ ಕಾಯಿಲ್ ಹಿಂಬದಿ ಬೆಳ್ಳಗಿದ್ದರೆ ಮೊದಲು ಬಾಗಿಲ ಗ್ಯಾಸ್ಕೆಟ್, ಪ್ಲಾಸ್ಟಿಕ್ ಪರದೆ ನೋಡಿ. ಸುಮ್ನೆ ಗ್ಯಾಸ್ ತುಂಬಿಸಬೇಡಿ.