ಸಕ್ಕರೆ ಹಾಕದ ಕಾಫಿ ಮತ್ತು ನನ್ನ ಗ್ಲುಕೋಮೀಟರ್

ಟೈಪ್ 2 ಮಧುಮೇಹ ಬಂದ ಮೇಲೆ ನಾನು ಸಕ್ಕರೆ ಬಿಟ್ಟೆ, ಕಾಫಿ ಬಿಡಲಿಲ್ಲ. ಆದರೂ ಬೆಳಗಿನ ಕಾಫಿ ಕುಡಿದ ಒಂದು ಗಂಟೆಗೆ ರಕ್ತದ ಸಕ್ಕರೆ ಏರಿರುತ್ತಿತ್ತು. ಈ ಏರಿಕೆಯಲ್ಲಿ ಹಾಲಿನ ಪಾಲೆಷ್ಟು, ಸಿಹಿ ಪುಡಿಯದೆಷ್ಟು, ಕಾಫಿಯದೆಷ್ಟು ಎಂದು ಬಿಡಿಸಿ ನೋಡುವ ಹಟ ಹಿಡಿದು, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ ಹೋದೆ.

ಮೊದಲು ಅಳೆದದ್ದು ಕಾಫಿಯೇ ಇಲ್ಲದ ಬೆಳಗನ್ನು. ಎದ್ದಾಗ 124 ಇತ್ತು. ಬರೀ ನೀರು ಕುಡಿದು ಒಂದು ಗಂಟೆ ಬಿಟ್ಟು ನೋಡಿದರೆ 133. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಹೆಚ್ಚುತ್ತವೆ, ಪಿತ್ತಜನಕಾಂಗ ಗ್ಲುಕೋಸ್ ಬಿಡುಗಡೆ ಮಾಡುತ್ತದೆ. ಹಾಗಾಗಿ ಏನೂ ತಿನ್ನದಿದ್ದರೂ ಸಕ್ಕರೆ ಏರಬಹುದು. ಈ ಅಳತೆ ಕೈಯಲ್ಲಿಲ್ಲದಿದ್ದರೆ ಈ ಏರಿಕೆಯನ್ನೂ ಕಾಫಿಯ ತಲೆಗೇ ಕಟ್ಟುತ್ತೇವೆ.

ಮನೆಯ ಗ್ಲುಕೋಮೀಟರ್‌ಗೂ ತನ್ನದೇ ಮಿತಿಯಿದೆ. 100ಕ್ಕಿಂತ ಮೇಲಿನ ಅಳತೆಯಲ್ಲಿ ಶೇ 15ರಷ್ಟು ಹೆಚ್ಚುಕಡಿಮೆಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಆದ್ದರಿಂದ ಒಂದೇ ಬಗೆಯ ಕಾಫಿಯನ್ನು ಬೇರೆ ಬೇರೆ ಬೆಳಗುಗಳಲ್ಲಿ ಕುಡಿದು, ಬಂದ ಅಂಕಿಗಳಲ್ಲಿ ನಡುವಿನದನ್ನು ಬರೆದುಕೊಂಡೆ. ಹತ್ತರೊಳಗಿನ ವ್ಯತ್ಯಾಸಕ್ಕೆ ಬೆಲೆ ಕೊಡಲಿಲ್ಲ. ಬೆರಳನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳುವುದಂತೂ ಕಡ್ಡಾಯ: ಹಣ್ಣು ಮುಟ್ಟಿದ ಕೈಯಲ್ಲಿ ಚುಚ್ಚಿಕೊಂಡರೆ ಮೀಟರ್ ಅಳೆಯುವುದು ಹಣ್ಣಿನ ಸಕ್ಕರೆಯನ್ನೂ ಸೇರಿಸಿ.

ಹಾಲು ಬೆರೆಸದ ಕಪ್ಪು ಕಾಫಿ ಕುಡಿದಾಗ ಒಂದು ಗಂಟೆಯ ಅಂಕಿ 138. ನೀರಿನ ಬೆಳಗಿಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. 150 ಮಿಲಿ ಹಾಲು ಹಾಕಿದ ಕಾಫಿಗೆ ಅದು 154 ಆಯಿತು. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅಂದರೆ ಸಕ್ಕರೆ ಹಾಕದ ಆ ಲೋಟದಲ್ಲೂ ಏಳು ಗ್ರಾಂನಷ್ಟು ಹಾಲಿನ ಸಕ್ಕರೆ ಇತ್ತು. ಕೆನೆ ತೆಗೆದ ಹಾಲಾದರೆ ಪರವಾಗಿಲ್ಲ ಎನ್ನುವವರಿದ್ದಾರೆ. ಕೆನೆಯೊಂದಿಗೆ ಹೋಗುವುದು ಕೊಬ್ಬು, ಲ್ಯಾಕ್ಟೋಸ್ ಅಲ್ಲೇ ಉಳಿಯುತ್ತದೆ. ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದರೆ ನೀರು ಆವಿಯಾಗಿ ಅದೇ ಲೋಟಕ್ಕೆ ಇನ್ನೂ ಹೆಚ್ಚು ಲ್ಯಾಕ್ಟೋಸ್ ಸೇರುತ್ತದೆ. ಓಟ್ಸ್ ಹಾಲೂ ಪರಿಹಾರವಲ್ಲ. ಅದನ್ನು ತಯಾರಿಸುವಾಗ ಕಿಣ್ವಗಳು ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡಿರುತ್ತವೆ. ನಾನು ಹಾಲನ್ನು 50 ಮಿಲಿಗೆ ಇಳಿಸಿ ಡಿಕಾಕ್ಷನ್ ಜಾಸ್ತಿ ಮಾಡಿದೆ. ಅಂಕಿ 141ಕ್ಕೆ ಬಂತು, ರುಚಿಗೂ ನಾಲಿಗೆ ಹೊಂದಿಕೊಂಡಿತು.

ಸಿಹಿಕಾರಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಕ್ರಲೋಸ್, ಸ್ಟೀವಿಯಾ ತಾವಾಗಿ ನನ್ನ ಅಂಕಿಯನ್ನು ಅಲುಗಾಡಿಸಲಿಲ್ಲ. ನೋಡಬೇಕಾದದ್ದು ಪೊಟ್ಟಣದ ಹಿಂಬದಿಯನ್ನು. ಚಮಚದಲ್ಲಿ ಅಳೆಯುವ ಪುಡಿಗಳಲ್ಲಿ ಗಾತ್ರ ತುಂಬಲು ಡೆಕ್ಸ್ಟ್ರೋಸ್ ಅಥವಾ ಮಾಲ್ಟೋಡೆಕ್ಸ್ಟ್ರಿನ್ ಸೇರಿಸಿರುವುದುಂಟು. ಇವೆರಡೂ ಬೇಗನೆ ರಕ್ತಕ್ಕಿಳಿಯುವಂಥವು. ಒಂದು ಸಣ್ಣ ಪೊಟ್ಟಣದಿಂದ ಏನೂ ಆಗದು, ಆದರೆ ದಿನಕ್ಕೆ ನಾಲ್ಕು ಲೋಟಕ್ಕೆ ಧಾರಾಳವಾಗಿ ಸುರಿದುಕೊಳ್ಳುವವರು ಲೆಕ್ಕ ಹಾಕಲೇಬೇಕು. ನಾನು ಚಿಕ್ಕ ಮಾತ್ರೆಗೆ ಬದಲಾಯಿಸಿಕೊಂಡೆ. ಆಸ್ಪರ್ಟೇಮ್ ಇರುವ ಮಾತ್ರೆಯಾದರೆ ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಸಿಹಿ ಕಡಿಮೆಯಾಗುತ್ತದೆ.

ನನಗೆ ಅಚ್ಚರಿಯಾದದ್ದು ಹೊತ್ತಿನ ವಿಷಯದಲ್ಲಿ. ಕಪ್ಪು ಕಾಫಿ ನಿರುಪದ್ರವಿ ಎಂದುಕೊಂಡು ಅದರ ಹಿಂದೆಯೇ ತಿಂಡಿ ತಿಂದ ದಿನ, ಎರಡು ಗಂಟೆಯ ನಂತರದ ಅಂಕಿ 188. ಕಾಫಿಯಿಲ್ಲದೆ ಅದೇ ತಿಂಡಿಯನ್ನು ಅಷ್ಟೇ ತಿಂದಾಗ 165. ಕೆಫೀನ್ ಅಡ್ರಿನಲಿನ್ ಹೆಚ್ಚಿಸಿ, ಇನ್ಸುಲಿನ್‌ಗೆ ಸ್ನಾಯುಗಳು ಓಗೊಡುವುದನ್ನು ಕೆಲಹೊತ್ತು ತಗ್ಗಿಸುತ್ತದೆ. ಬರೀ ಕಾಫಿ ಕುಡಿದಾಗ ಇದು ಕಾಣಿಸದು. ಆಮೇಲೆ ಪಿಷ್ಟ ಹೊಟ್ಟೆಗೆ ಬಿದ್ದಾಗ ಬಯಲಾಗುತ್ತದೆ. ರಾತ್ರಿ ನಿದ್ದೆಗೆಟ್ಟ ಆರೋಗ್ಯವಂತರಲ್ಲೂ, ಬೆಳಗ್ಗೆ ಮೊದಲು ಕಪ್ಪು ಕಾಫಿ ಕುಡಿದರೆ ಆಮೇಲೆ ಕುಡಿದ ಸಿಹಿ ಪಾನೀಯಕ್ಕೆ ಸಕ್ಕರೆ ಸುಮಾರು ಅರ್ಧದಷ್ಟು ಹೆಚ್ಚು ಏರುತ್ತದೆ ಎಂದು ಬ್ರಿಟನ್‌ನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಈಗ ನನ್ನ ಮೊದಲ ಕಾಫಿ ತಿಂಡಿಯಾಗಿ ಎರಡೂವರೆ ಗಂಟೆಯ ಮೇಲೆ, ಸಕ್ಕರೆ ಇಳಿಮುಖವಾದ ಹೊತ್ತಿಗೆ. ಎಲ್ಲರ ದೇಹವೂ ಕೆಫೀನಿಗೆ ಹೀಗೆ ಸ್ಪಂದಿಸುವುದಿಲ್ಲ, ಹಾಗಾಗಿ ನನ್ನ ವೇಳಾಪಟ್ಟಿಯನ್ನು ನಕಲು ಮಾಡುವುದಕ್ಕಿಂತ ಇಂಥ ಎರಡು ಬೆಳಗುಗಳನ್ನು ಅಳೆದು ನೋಡುವುದು ಮೇಲು.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಂದನ್ನು ನೆನಪಿಡಬೇಕು. ಕೈ ನಡುಕ, ಎದೆಬಡಿತ ಕಾಫಿಯಿಂದಲೂ ಬರುತ್ತವೆ, ಸಕ್ಕರೆ ಕುಸಿದಾಗಲೂ ಬರುತ್ತವೆ. ಅಂಥ ಹೊತ್ತಿನಲ್ಲಿ ಊಹೆ ಬೇಡ, ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಈ ಕಾಫಿಯಿಂದ ಏನೂ ಪ್ರಯೋಜನವಿಲ್ಲ. 15 ಗ್ರಾಂ ಗ್ಲುಕೋಸ್ ತೆಗೆದುಕೊಂಡು ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಬೇಕು.