ಬಾಡಿಗೆ ಅಗ್ರಿಮೆಂಟ್: ಸಹಿ ಹಾಕುವ ಮುಂಚೆ ಈ ಮೂರು ಕಡೆ ನಿಂತು ಓದಿ

ಹೊಸ ದೇಶಕ್ಕೆ ಬಂದ ಶುರುವಿನಲ್ಲಿ ಒಂದು ಮನೆ ಸಿಕ್ಕರೆ ಸಾಕಪ್ಪಾ ಅನ್ನುವ ಆತುರ ಇರುತ್ತದೆ. ನನಗೂ ಇತ್ತು. ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು ಅಂತ ಎರಡು ಅಂಕಿ ನೋಡಿ ಸಹಿ ಹಾಕಿಬಿಟ್ಟೆ. ಲಾಕ್-ಇನ್, ಅಂದರೆ ನಡುವೆ ಮನೆ ಬಿಡುವಂತಿಲ್ಲದ ಅವಧಿ, 12 ತಿಂಗಳು, ನೋಟಿಸ್ 2 ತಿಂಗಳು ಅಂತ ಇತ್ತು. ಹತ್ತನೇ ತಿಂಗಳ ಕೊನೆಗೆ ನೋಟಿಸ್ ಕೊಟ್ಟರೆ ವರ್ಷ ತುಂಬುವಷ್ಟರಲ್ಲಿ ಬಿಡಬಹುದು ಅಂತ ನನ್ನ ಲೆಕ್ಕ.

ಜನವರಿ 1ಕ್ಕೆ ಮನೆಗೆ ಬಂದಿದ್ದೆ. ಸೆಪ್ಟೆಂಬರಿನಲ್ಲಿ ಬೇರೆ ಊರಿಗೆ ವರ್ಗ ಆಯಿತು. ಸರಿ, ಡಿಸೆಂಬರ್ ತನಕ ಮೂರು ತಿಂಗಳು ಖಾಲಿ ಮನೆಗೆ ಬಾಡಿಗೆ ಕಟ್ಟೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ನೋಟಿಸ್ ಕಳಿಸಿದೆ. ಓನರ್ ಅಗ್ರಿಮೆಂಟಿನ ಒಂದು ಸಾಲು ತೋರಿಸಿದರು: ಲಾಕ್-ಇನ್ ಮುಗಿದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಅಂದರೆ ನೋಟಿಸ್ ಕೊಡುವುದಕ್ಕೇ ವರ್ಷ ಮುಗಿಯಬೇಕು. ರಜೆ ಮುಗಿಸಿ ಬಂದು ಜನವರಿ 3ಕ್ಕೆ ಮತ್ತೆ ನೋಟಿಸ್ ಕೊಟ್ಟೆ. ಅದರ ಕೆಳಗೇ ಇನ್ನೊಂದು ಸಾಲು ಕಾದು ಕೂತಿತ್ತು, ಒಂದನೇ ತಾರೀಖು ದಾಟಿ ನೋಟಿಸ್ ಕೊಟ್ಟರೆ ಅದರ ಅವಧಿ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶುರು ಅಂತ. ಲೆಕ್ಕ ಹಾಕಿ, ಮಾರ್ಚ್ ಕೊನೆಗೆ ಬಿಡುಗಡೆ. ಮೂರು ತಿಂಗಳು ಅಂದುಕೊಂಡಿದ್ದು ಆರಾಯಿತು. ಅದರಲ್ಲಿ ಒಂದು ತಿಂಗಳು ಎರಡು ದಿನ ತಡ ಮಾಡಿದ್ದಕ್ಕೆ!

ಹಾಗಾಗಿ ಲಾಕ್-ಇನ್ ಎಷ್ಟು ತಿಂಗಳು ಅಂತ ಕೇಳಿ ಸುಮ್ಮನಾಗಬೇಡಿ. "ನಾನು ಬೇಗ ಅಂದರೆ ಯಾವ ತಾರೀಖಿಗೆ ಕೀ ಕೊಟ್ಟು ಹೋಗಬಹುದು, ಅದಕ್ಕೆ ಯಾವ ತಾರೀಖಿಗೆ ನೋಟಿಸ್ ಕೊಡಬೇಕು?" ಅಂತ ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ. ನಡುವೆ ಬಿಟ್ಟರೆ ಏನು ಕಟ್ಟಬೇಕು ಅನ್ನುವುದನ್ನೂ ನೋಡಿ. ಉಳಿದ ತಿಂಗಳುಗಳ ಬಾಡಿಗೆಯಾ, ಡೆಪಾಸಿಟ್ ಹೋಗುತ್ತಾ, ಅಥವಾ ಎರಡೂನಾ? ಎರಡೂ ಅಂತಿದ್ದರೆ ಒಂದನ್ನು ತೆಗೆಸಿ. ಇನ್ನೊಂದು ಸಾಲು ಸೇರಿಸಲು ಕೇಳಿ ನೋಡಿ: ಹೊಸ ಬಾಡಿಗೆದಾರರು ಬಂದ ದಿನದಿಂದ ನನ್ನ ಬಾಡಿಗೆ ನಿಲ್ಲುತ್ತದೆ. ಸಹಿಗೆ ಮುಂಚೆ ಇದಕ್ಕೆ ಒಪ್ಪುವ ಓನರುಗಳು ಇದ್ದಾರೆ, ಸಹಿ ಆದ ಮೇಲೆ ಯಾರು ಕೇಳುತ್ತಾರೆ ಹೇಳಿ.

ಡೆಪಾಸಿಟ್ ವಿಷಯದಲ್ಲಿ ಕಣ್ಣು ತಪ್ಪುವುದು ದಿನಾಂಕದಲ್ಲಿ. "ಮನೆ ಪರಿಶೀಲಿಸಿದ ನಂತರ ಹಿಂತಿರುಗಿಸಲಾಗುವುದು" ಅಂತ ಬರೆದಿರುತ್ತಾರೆ. ಪರಿಶೀಲನೆ ಯಾವಾಗ? ಯಾರ ಎದುರಿಗೆ? ಕೀ ಕೊಟ್ಟ ದಿನದಿಂದ ಇಷ್ಟು ದಿನದೊಳಗೆ ಅಂತ ಅಂಕಿ ಇರಬೇಕು, ಹಣ ಹಿಡಿದರೆ ಬಿಲ್ ತೋರಿಸಬೇಕು ಅಂತಲೂ ಇರಬೇಕು. ವಾಸ ಮಾಡಿದ್ದರಿಂದ ಸಹಜವಾಗಿ ಆಗುವ ಸವೆತಕ್ಕೆ ಹಣ ಹಿಡಿಯುವುದಿಲ್ಲ ಅನ್ನುವ ಮಾತು ಇದೆಯಾ ಹುಡುಕಿ. ಗೋಡೆಯ ಬಣ್ಣ ಮಾಸುವುದು ಸವೆತ, ಗೋಡೆಗೆ ತೂತು ಬೀಳುವುದು ಹಾನಿ. ಜಗಳ ಆಗುವುದೆಲ್ಲ ಇವೆರಡರ ನಡುವೆಯೇ. ಒಳಗೆ ಕಾಲಿಟ್ಟ ದಿನವೇ, ಸಾಮಾನು ಇಳಿಸುವ ಮುಂಚೆ, ಸಿಂಕಿನ ಕೆಳಗೆ, ಓವನ್ ಒಳಗೆ, ಕಿಟಕಿ ಚೌಕಟ್ಟಿನ ಮೂಲೆ, ಹಾಸಿಗೆಯ ಅಡಿ ಎಲ್ಲ ಫೋಟೋ ತೆಗೆದು ಓನರಿಗೆ ಅವತ್ತೇ ಇಮೇಲ್ ಮಾಡಿ. ಫೋನಿನಲ್ಲೇ ಇಟ್ಟುಕೊಂಡರೆ ಯಾವತ್ತು ತೆಗೆದದ್ದೋ ಅಂತ ವಾದ ಶುರುವಾಗುತ್ತದೆ. ಕೊನೆ ತಿಂಗಳ ಬಾಡಿಗೆಗೆ ಡೆಪಾಸಿಟ್ ಮುರಿದುಕೊಳ್ಳಿ ಅನ್ನುವ ಉಪಾಯ ಬೇಡ, ಅಗ್ರಿಮೆಂಟಿನಲ್ಲಿ ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ನೀವೇ ಬಾಡಿಗೆ ಬಾಕಿದಾರರಾಗುತ್ತೀರಿ.

ಇನ್ನು ಮನೆ ಬಿಡಿಸುವ ಷರತ್ತು. ಲಾಕ್-ಇನ್ ಓದುವಾಗ "ಬಾಡಿಗೆದಾರರು" ಅಂತಿದೆಯಾ, "ಎರಡೂ ಕಡೆಯವರು" ಅಂತಿದೆಯಾ ನೋಡಿ. ಮೊದಲನೆಯದಾದರೆ ನೀವು ಮಾತ್ರ ಕಟ್ಟಿಹಾಕಿಸಿಕೊಂಡಿದ್ದೀರಿ, ಓನರ್ ಮನೆ ಮಾರುತ್ತೇನೆ ಅಂತಲೋ ತಾವೇ ಇರುತ್ತೇನೆ ಅಂತಲೋ ನಡುವೆ ನೋಟಿಸ್ ಕೊಡಬಹುದು. ಮನೆ ಮಾರಾಟ ಆದರೆ ಹೊಸ ಓನರ್ ಇದೇ ಅಗ್ರಿಮೆಂಟ್ ಪಾಲಿಸಬೇಕು ಅಂತ ಬರೆಸಿಕೊಂಡರೆ ಒಳ್ಳೆಯದು. ಬಾಡಿಗೆ ಎಷ್ಟು ದಿನ ತಡವಾದರೆ ಹೊರಡಿಸಬಹುದು ಅನ್ನುವುದನ್ನೂ ಓದಿ. ನಿಮ್ಮ ಸಂಬಳ ಐದನೇ ತಾರೀಖಿಗೆ ಬರುವುದಾದರೆ ಒಂದನೇ ತಾರೀಖಿನ ಗಡುವಿಗೆ ಯಾಕೆ ಒಪ್ಪಬೇಕು, ಅಲ್ವಾ?

ಬಾಡಿಗೆ ತಡವಾದರೆ ಬೀಗ ಬದಲಾಯಿಸುತ್ತೇವೆ ಅಂತ ಬರೆದ ಅಗ್ರಿಮೆಂಟನ್ನೂ ನೋಡಿದ್ದೇನೆ. ಕೋರ್ಟ್ ಆದೇಶ ಇಲ್ಲದೆ ಹಾಗೆ ಮಾಡುವುದನ್ನು ಎಷ್ಟೋ ದೇಶಗಳ ಕಾನೂನು ಒಪ್ಪುವುದಿಲ್ಲ, ನೀವು ಸಹಿ ಹಾಕಿದ್ದರೂ ಆ ಸಾಲು ನಡೆಯುವುದಿಲ್ಲ. ನೀವಿರುವ ಕಡೆ ಹೇಗೆ ಅಂತ ಅಲ್ಲಿನ ಬಾಡಿಗೆದಾರರ ಸಹಾಯ ಕೇಂದ್ರದಲ್ಲಿ ಸಹಿಗೆ ಮುಂಚೆಯೇ ಕೇಳಿ.

"ಅದೆಲ್ಲ ಸುಮ್ನೆ ಬರೆದಿರುತ್ತೇವೆ, ಯಾರಿಗೂ ಹಾಗೆ ಮಾಡಿಲ್ಲ" ಅಂತ ಓನರೋ ಏಜೆಂಟೋ ನಗುತ್ತಾ ಹೇಳಬಹುದು. ಹಾಗಾದರೆ ಹೊಡೆದುಹಾಕೋಣ ಅಂತ ನೀವೂ ನಗುತ್ತಲೇ ಹೇಳಿ. ಗೆರೆ ಎಳೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ, ಆ ಪುಟದ ಪ್ರತಿ ಕೈಗೆ ಬಂದ ಮೇಲೆ ಡೆಪಾಸಿಟ್ ಕಳಿಸಿ.